9.30 ಸರಿಯೋ, 9:30 ಸರಿಯೋ? ಲಗ್ನಪತ್ರಿಕೆಗೊಂದು, ಹಾಜರಿ ಲೆಕ್ಕಕ್ಕೊಂದು

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಗಳಲ್ಲಿ ಸಮಯವನ್ನು ಮೊದಲಿಂದಲೂ 9.30 ಅಂತ ಹಾಕುತ್ತಿದ್ದೇವೆ. ಕೆಲವು ಹಿರಿಯರು 9-30 ಕೇಳುತ್ತಾರೆ, ಕಾಲೇಜು ಹುಡುಗರು ಚುಕ್ಕಿ ತಪ್ಪು, 9:30 ಅಂತಲೇ ಹಾಕಿ ಅನ್ನುತ್ತಾರೆ. ಈಚೆಗೆ ಒಂದು ರೇಷ್ಮೆ ರೀಲಿಂಗ್ ಘಟಕದ ಹಾಜರಿ ಪುಸ್ತಕವನ್ನು ಎಕ್ಸೆಲ್‌ಗೆ ಏರಿಸುವ ಕೆಲಸ ಬಂದಿದೆ. ಪುಸ್ತಕದಲ್ಲಿದ್ದ ಹಾಗೆ ಚುಕ್ಕಿ ಹಾಕಿ ಟೈಪ್ ಮಾಡಿದರೆ ಗಂಟೆಗಳ ಮೊತ್ತ ಕೈಲೆಕ್ಕಕ್ಕೆ ತಾಳೆಯಾಗುತ್ತಿಲ್ಲ. ಯಾವುದು ಸರಿ? ಟೈಪ್ ಮಾಡಿರೋದನ್ನೆಲ್ಲ ಮತ್ತೆ ಮಾಡಬೇಕಾ?

ಉತ್ತರ: ಮತ್ತೆ ಟೈಪ್ ಮಾಡುವುದು ಬೇಡ, ಒಂದು ಸೂತ್ರದಲ್ಲಿ ಸರಿಹೋಗುತ್ತದೆ. ಅದನ್ನು ಮುಂದೆ ಕೊಟ್ಟಿದ್ದೇನೆ. ಆದರೆ ಅವಸರದಲ್ಲಿ ಚುಕ್ಕಿಯನ್ನೆಲ್ಲ Find and Replace ಮಾಡಿ ಕೋಲನ್‌ಗೆ ಬದಲಾಯಿಸಬೇಡಿ. ಹಾಗೆ ಮಾಡಿದರೆ ಈಗ ಇರುವ ತಪ್ಪಿಗಿಂತ ಕೆಟ್ಟ ತಪ್ಪು ಒಳಗೆ ಸೇರಿಕೊಳ್ಳುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಚುಕ್ಕಿಯ ಮೇಲಿನ ಆರೋಪ. ಗಂಟೆ ಮತ್ತು ನಿಮಿಷದ ನಡುವೆ ಚುಕ್ಕಿ ಇಡುವುದು ತಪ್ಪಲ್ಲ, ಅದು ಬ್ರಿಟಿಷರ ಅಚ್ಚಿನ ಪದ್ಧತಿ. ಅಲ್ಲಿಂದ ನಮ್ಮ ಕಚೇರಿಗಳಿಗೆ, ಪತ್ರಿಕೆಗಳಿಗೆ, ಶಾಲೆಗಳಿಗೆ ಬಂತು. ಕೋಲನ್ ಅಮೆರಿಕದ ರೂಢಿ. ಗಡಿಯಾರ, ಮೊಬೈಲು, ಕಂಪ್ಯೂಟರುಗಳ ಪರದೆಯ ಮೇಲೆ ನಾವು ದಿನವಿಡೀ ನೋಡುವುದು ಅದನ್ನೇ ಆದ್ದರಿಂದ ಹುಡುಗರಿಗೆ ಅದೊಂದೇ ಸರಿ ಅನ್ನಿಸುವುದು ಸಹಜ. ಫಿನ್ಲೆಂಡ್, ಡೆನ್ಮಾರ್ಕ್, ಇಂಡೊನೇಷ್ಯಾಗಳಲ್ಲಿ ಇವತ್ತಿಗೂ ಚುಕ್ಕಿಯೇ ಪದ್ಧತಿ. ಫ್ರೆಂಚರು ಎರಡನ್ನೂ ಬಿಟ್ಟು ನಡುವೆ h ಅಕ್ಷರ ಹಾಕಿ 9 h 30 ಎಂದು ಬರೆಯುತ್ತಾರೆ. ಇನ್ನು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವಿದೆ, ಮೊದಲು ಪ್ರಕಟವಾದದ್ದು 1988ರಲ್ಲಿ. ಅದು ಕೋಲನ್ ಹಾಕಿ 09:30 ಎಂದೋ, ಏನೂ ಹಾಕದೆ 0930 ಎಂದೋ ಬರೆಯಬೇಕು ಅನ್ನುತ್ತದೆ. ಆದರೆ ಆ ಮಾನಕ ಇರುವುದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವಾಗ ಗೊಂದಲ ಆಗದಿರಲಿ ಎಂದು. ಲಗ್ನಪತ್ರಿಕೆ ಅಚ್ಚು ಹಾಕುವವರನ್ನು ಅದು ಕಟ್ಟಿಹಾಕುವುದಿಲ್ಲ.

ಹಾಗಿದ್ದರೆ ಫಿನ್ಲೆಂಡಿನವರಿಗೆ ಎಕ್ಸೆಲ್‌ನಲ್ಲಿ ಇಲ್ಲದ ತೊಂದರೆ ನಿಮಗೆ ಯಾಕೆ? ಅವರು ಒಂಬತ್ತೂವರೆ ಕಿಲೋ ಎಂಬುದನ್ನು 9,5 ಎಂದು ಬರೆಯುತ್ತಾರೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುವುದರಿಂದ ಚುಕ್ಕಿ ಅವರಲ್ಲಿ ಸಮಯಕ್ಕೆ ಪುರಸೊತ್ತಾಗಿ ಸಿಗುತ್ತದೆ. ಡೆನ್ಮಾರ್ಕ್, ಇಂಡೊನೇಷ್ಯಾಗಳಲ್ಲೂ ಹೀಗೆಯೇ. ಬ್ರಿಟಿಷರ ಹಳೆಯ ಅಚ್ಚಿನಲ್ಲಿ ಇದಕ್ಕೆ ಬೇರೆ ದಾರಿ ಇತ್ತು. ದಶಮಾಂಶದ ಚುಕ್ಕಿಯನ್ನು ಸಾಲಿನ ನಡುಮಟ್ಟಕ್ಕೆ ಎತ್ತಿ 9·5 ಎಂದೂ, ಸಮಯದ ಚುಕ್ಕಿಯನ್ನು ಕೆಳಗೆ ಸಾಲಿಗೆ ಕೂರಿಸಿ 9.30 ಎಂದೂ ಜೋಡಿಸುತ್ತಿದ್ದರು. ಎರಡು ಚುಕ್ಕಿ, ಎರಡು ಎತ್ತರ, ಎರಡು ಕೆಲಸ. ಟೈಪ್‌ರೈಟರು, ಆಮೇಲೆ ಕಂಪ್ಯೂಟರು ಬಂದಾಗ ಕೀಲಿಮಣೆಯಲ್ಲಿ ಉಳಿದದ್ದು ಒಂದೇ ಚುಕ್ಕಿ. ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಆ ಚುಕ್ಕಿ ಅಂದರೆ ದಶಮಾಂಶ, ಬೇರೆ ಅರ್ಥ ಅದಕ್ಕೆ ಗೊತ್ತಿಲ್ಲ. ನಾವು ಮಾತ್ರ ಕೈಬರಹದಲ್ಲಿ ಎರಡಕ್ಕೂ ಅದನ್ನೇ ಬಳಸುತ್ತಾ ಬಂದೆವು.

ಕ್ರಿಕೆಟ್ಟಿನ ಓವರು ನೆನೆಸಿಕೊಳ್ಳಿ. 9.3 ಓವರು ಅಂದರೆ ಒಂಬತ್ತು ಓವರು ಮೂರು ಎಸೆತ. ಇನ್ನು ಮೂರು ಎಸೆತ ಹಾಕಿದರೆ 9.6 ಅಲ್ಲ, 10 ಓವರು. ಅಲ್ಲಿ ಚುಕ್ಕಿಯ ಬಲಕ್ಕೆ ಆರರ ಲೆಕ್ಕ, ಗಡಿಯಾರದಲ್ಲಿ ಅರವತ್ತರ ಲೆಕ್ಕ. ನಮ್ಮ ಕಣ್ಣು ಅದನ್ನು ತಾನಾಗಿಯೇ ಸರಿಪಡಿಸಿಕೊಂಡು ಓದುತ್ತದೆ, ಎಕ್ಸೆಲ್ ಓದುವುದಿಲ್ಲ.

ಈಗ ನಿಮ್ಮ ಹಾಜರಿ ಪುಸ್ತಕಕ್ಕೆ ಬರೋಣ. ಒಬ್ಬ ಕೆಲಸಗಾರ್ತಿಯ ಒಂದು ವಾರ ಹೀಗಿದೆ ಎಂದಿಟ್ಟುಕೊಳ್ಳಿ. ಸೋಮವಾರ 9.30ಕ್ಕೆ ಬಂದು 17.15ಕ್ಕೆ ಹೋಗಿದ್ದಾರೆ. ಮಂಗಳವಾರ 9.15ರಿಂದ 17.30, ಬುಧವಾರ 9.45ರಿಂದ 18.10, ಗುರುವಾರ 9.30ರಿಂದ 17.30, ಶುಕ್ರವಾರ 9.20ರಿಂದ 17.05, ಶನಿವಾರ ಅರ್ಧ ದಿನ, 9.30ರಿಂದ 13.00. ಕೂಲಿ ಗಂಟೆಗೆ 90 ರೂಪಾಯಿ.

ಕೈಯಲ್ಲಿ ಲೆಕ್ಕ ಹಾಕಿದರೆ ಸೋಮವಾರ 7 ಗಂಟೆ 45 ನಿಮಿಷ. ಮಂಗಳವಾರ 8 ಗಂಟೆ 15, ಬುಧವಾರ 8 ಗಂಟೆ 25, ಗುರುವಾರ ಸರಿಯಾಗಿ 8 ಗಂಟೆ, ಶುಕ್ರವಾರ 7 ಗಂಟೆ 45, ಶನಿವಾರ ಮೂರೂವರೆ ಗಂಟೆ. ಗಂಟೆಗಳ ಮೊತ್ತ 41, ನಿಮಿಷಗಳ ಮೊತ್ತ 160. ಅಂದರೆ ಒಟ್ಟು 43 ಗಂಟೆ 40 ನಿಮಿಷ, ಕೂಲಿ 3,930 ರೂಪಾಯಿ. ಇದು ನಿಜವಾದ ಲೆಕ್ಕ.

ಚುಕ್ಕಿ ಹಾಕಿ ಟೈಪ್ ಮಾಡಿದ ಹಾಳೆಯಲ್ಲಿ ಎಕ್ಸೆಲ್ ಸೋಮವಾರ 17.15ರಿಂದ 9.30 ಕಳೆದು 7.85 ಅನ್ನುತ್ತದೆ. 15ರಿಂದ 30 ಕಳೆಯಲು ಬಾರದೆ ಪಕ್ಕದ ಮನೆಯಿಂದ ಒಂದನ್ನು ಸಾಲ ತಂದಾಗ ಅದು ತಂದದ್ದು 100. ಗಡಿಯಾರದಲ್ಲಾದರೆ ತರಬೇಕಾದದ್ದು 60. ಹಾಗಾಗಿ ಸಾಲ ತಂದ ಪ್ರತಿ ಸಾಲಿನಲ್ಲೂ 40 ಹೆಚ್ಚಾಗುತ್ತದೆ. ಬುಧವಾರ 8.65, ಶುಕ್ರವಾರ 7.85, ಶನಿವಾರ 3.70 ಬರುವುದು ಇದರಿಂದಲೇ. ಮಂಗಳವಾರ, ಗುರುವಾರ ಸಾಲ ತರುವ ಪ್ರಮೇಯವೇ ಇಲ್ಲ, ಅದಕ್ಕೆ 8.15 ಮತ್ತು 8.00 ನೋಡಲು ಸರಿಯಾಗಿಯೇ ಇವೆ. ಮೋಸ ಹೋಗುವುದೇ ಇಲ್ಲಿ. ಪರೀಕ್ಷೆಗೆಂದು ಒಂದೆರಡು ಸಾಲು ತಾಳೆ ನೋಡಿದವರ ಕಣ್ಣಿಗೆ ಮಂಗಳವಾರ, ಗುರುವಾರ ಬಿದ್ದರೆ ಹಾಳೆಯೆಲ್ಲ ಸರಿಯಿದೆ ಎಂದುಕೊಂಡುಬಿಡುತ್ತಾರೆ.

ಮೊತ್ತದಲ್ಲಿ ಇನ್ನೊಂದು ತಪ್ಪು ಸೇರುತ್ತದೆ, ಅದು ಉಲ್ಟಾ ದಿಕ್ಕಿನದು. ಕಳೆಯುವಾಗ 40 ಹೆಚ್ಚಿಸಿದ ಎಕ್ಸೆಲ್, ಕೂಡುವಾಗ ಅರವತ್ತಕ್ಕೆ ಒಂದು ಗಂಟೆ ಮಾಡುವ ಬದಲು ನೂರಕ್ಕೆ ಮಾಡಿ ಕಡಿಮೆ ತೋರಿಸುತ್ತದೆ. ಈ ವಾರದ ಮೊತ್ತ 44.20 ಎಂದು ಬರುತ್ತದೆ. ನಿಜವಾದ 43 ಗಂಟೆ 40 ನಿಮಿಷಕ್ಕೆ ಅದು ಹತ್ತಿರವೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ತಪ್ಪು ಒಂದನ್ನೊಂದು ಅಷ್ಟಿಷ್ಟು ನುಂಗಿಕೊಂಡಿರುತ್ತವೆ. ಇದನ್ನು 90ರಿಂದ ಗುಣಿಸಿದರೆ ಕೂಲಿ 3,978, ಮಾಲೀಕರಿಗೆ 48 ರೂಪಾಯಿ ನಷ್ಟ.

ಕೈಯಲ್ಲೇ ಮೊತ್ತ ಹಾಕಿ 43.40 ಎಂದು ಬರೆದುಕೊಂಡು, ಕೊನೆಗೆ ಕ್ಯಾಲ್ಕುಲೇಟರಿನಲ್ಲಿ 43.40ನ್ನು 90ರಿಂದ ಗುಣಿಸುವವರೂ ಇದ್ದಾರೆ. ಆಗ 3,906 ಬರುತ್ತದೆ, ಈ ಸಲ ಕೆಲಸಗಾರ್ತಿಗೆ 24 ರೂಪಾಯಿ ಖೋತಾ. 40 ನಿಮಿಷ ಅಂದರೆ ಮೂರನೇ ಎರಡು ಗಂಟೆ, 0.40 ಗಂಟೆ ಅಲ್ಲ. ನನ್ನನ್ನು ಕೇಳಿದರೆ ಈ ತಪ್ಪೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಇದು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ನಿಮಿಷದ ಭಾಗ ಸೊನ್ನೆಯಾಗಿದ್ದ ವಾರ ಬಿಟ್ಟರೆ ಪ್ರತಿ ವಾರ ಕೂಲಿಯವರಿಗೇ ಕಡಿಮೆ ಬೀಳುತ್ತದೆ.

ಇಂಥ ತಪ್ಪನ್ನು ಬಹುಮಟ್ಟಿಗೆ ಸುಲಭವಾಗಿ ಕಂಡುಹಿಡಿಯಬಹುದು. ನಿಮಿಷ 59 ದಾಟುವುದಿಲ್ಲ. ಹಾಗಾಗಿ ವ್ಯತ್ಯಾಸದ ಕಾಲಂನಲ್ಲಿ ಚುಕ್ಕಿಯ ಬಲಕ್ಕೆ 60ರಿಂದ 99ರ ನಡುವಿನ ಯಾವುದೇ ಅಂಕಿ ಕಂಡರೆ ಎಕ್ಸೆಲ್ ದಶಮಾಂಶವಾಗಿ ಕಳೆದಿದೆ ಎಂದೇ ಅರ್ಥ. 7.85 ಅಂದರೆ ಏಳು ಗಂಟೆ ಎಂಬತ್ತೈದು ನಿಮಿಷವೇ? ನೂರಾರು ಸಾಲುಗಳಿದ್ದರೆ ಕಣ್ಣಲ್ಲಿ ಹುಡುಕುವ ಬದಲು ಇದನ್ನು ಹಾಕಿ (ವ್ಯತ್ಯಾಸ D2ರಿಂದ D7ರವರೆಗೆ ಇದೆ ಎಂದುಕೊಂಡು):

```
=SUMPRODUCT(--(ROUND(MOD(D2:D7,1)*100,0)>=60))
```

ನಮ್ಮ ವಾರಕ್ಕೆ ಇದು 4 ಎಂದು ಕೊಡುತ್ತದೆ. ಸೋಮ, ಬುಧ, ಶುಕ್ರ, ಶನಿ.

ಈಗ Find and Replace ಯಾಕೆ ಬೇಡ ಎಂದೆನೋ ಅದು. ನೀವು 9.30 ಎಂದು ಟೈಪ್ ಮಾಡಿದ್ದರೂ ಎಕ್ಸೆಲ್ ಒಳಗೆ ಇಟ್ಟುಕೊಂಡಿರುವುದು 9.3. ದಶಮಾಂಶದ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ಎಸೆದಿರುತ್ತದೆ. ಚುಕ್ಕಿಯನ್ನು ಕೋಲನ್‌ಗೆ ಬದಲಾಯಿಸಿದರೆ 9:3 ಆಗುತ್ತದೆ, ಅದನ್ನು ಎಕ್ಸೆಲ್ 9:03 ಎಂದು ಓದುತ್ತದೆ. ಒಂಬತ್ತೂವರೆಗೆ ಬಂದವರು ಒಂಬತ್ತು ಮೂರಕ್ಕೇ ಬಂದಂತಾಯಿತು. 18.10 ಹೋಗಿ 18:01 ಆಗುತ್ತದೆ. 13.00 ಒಳಗೆ ಬರೀ 13 ಆಗಿರುವುದರಿಂದ ಅಲ್ಲಿ ಬದಲಾಯಿಸಲು ಚುಕ್ಕಿಯೇ ಇಲ್ಲ. ಅದು ಹಾಗೇ ಉಳಿದು, ಸಮಯದ ಫಾರ್ಮ್ಯಾಟ್ ಕೊಟ್ಟಾಗ 00:00 ಎಂದು ಕಾಣುತ್ತದೆ. 9.15, 9.45ರಂಥವು ಮಾತ್ರ ಸರಿಯಾಗಿ ಬದಲಾಗುತ್ತವೆ. ಅರ್ಧ ಸರಿ, ಅರ್ಧ ತಪ್ಪಾದ ಹಾಳೆಯಲ್ಲಿ ಮೂಲ ಅಂಕಿ ಯಾವುದಿತ್ತೆಂದು ತಿಳಿಯಲು ಮತ್ತೆ ಪುಸ್ತಕವನ್ನೇ ತೆರೆಯಬೇಕು.

ಸೆಲ್‌ಗೆ ಬರೀ ಸಮಯದ ಫಾರ್ಮ್ಯಾಟ್ ಕೊಟ್ಟರೂ ಆಗುವುದಿಲ್ಲ. ಎಕ್ಸೆಲ್‌ಗೆ 1 ಅಂದರೆ ಒಂದು ಇಡೀ ದಿನ. 9.3 ಅಂದರೆ ಒಂಬತ್ತು ದಿನ ಮತ್ತು ದಿನದ ಹತ್ತರಲ್ಲಿ ಮೂರು ಭಾಗ. ಆ ಮೂರು ಭಾಗ 7 ಗಂಟೆ 12 ನಿಮಿಷ ಆಗುತ್ತದೆ. ಅದಕ್ಕೇ 9.30 ಇದ್ದ ಸೆಲ್‌ನಲ್ಲಿ 07:12 ಕಾಣುತ್ತದೆ, 17.30 ಇದ್ದ ಸೆಲ್‌ನಲ್ಲೂ ಅದೇ 07:12. ಯಾರಾದರೂ ಕಳಿಸಿದ ಹಾಳೆಯಲ್ಲಿ ಬಂದ ಸಮಯವೂ ಹೋದ ಸಮಯವೂ 07:12 ಎಂದು ಸಾಲುಸಾಲಾಗಿ ಕಂಡರೆ ಕಾರಣ ಇದು, ಕಂಪ್ಯೂಟರ್ ಕೆಟ್ಟಿರುವುದಲ್ಲ.

ಸರಿಪಡಿಸುವ ದಾರಿ ಹೀಗೆ. ಬಂದ ಸಮಯ B ಕಾಲಂನಲ್ಲಿ, ಹೋದ ಸಮಯ C ಕಾಲಂನಲ್ಲಿ ಚುಕ್ಕಿಯೊಂದಿಗೆ ಇದೆ ಎಂದುಕೊಳ್ಳಿ. ಅವನ್ನು ಮುಟ್ಟಬೇಡಿ. ಈಗ ತಪ್ಪು ವ್ಯತ್ಯಾಸ ಇರುವ D ಕಾಲಂ ಅಳಿಸಿ, E2ರಲ್ಲಿ ಇದನ್ನು ಬರೆಯಿರಿ:

```
=TIME(INT(B2),ROUND(MOD(B2,1)*100,0),0)
```

INT ಚುಕ್ಕಿಯ ಎಡಗಡೆಯನ್ನು ಗಂಟೆಯಾಗಿ ತೆಗೆದುಕೊಳ್ಳುತ್ತದೆ. MOD ಬಲಗಡೆಯನ್ನು ಬಿಡಿಸಿ ಕೊಡುತ್ತದೆ, ನೂರರಿಂದ ಗುಣಿಸಿದರೆ ಅದು ನಿಮಿಷ. ಒಳಗೆ 9.3 ಇದ್ದರೂ 0.3ನ್ನು ನೂರರಿಂದ ಗುಣಿಸಿದಾಗ 30 ಬರುವುದರಿಂದ ಕಳೆದುಹೋದ ಸೊನ್ನೆ ಇಲ್ಲಿ ಅಡ್ಡ ಬರುವುದಿಲ್ಲ. ROUND ಬಿಡಬೇಡಿ. 9.20ರಂಥ ಸಂಖ್ಯೆಯನ್ನು ಕಂಪ್ಯೂಟರು ತನ್ನ ದ್ವಿಮಾನದಲ್ಲಿ ಪೂರ್ತಿ ನಿಖರವಾಗಿ ಹಿಡಿದಿಡಲಾರದು, ಒಂದು ಕೂದಲೆಳೆ ಕಡಿಮೆ ಇಟ್ಟುಕೊಂಡಿರುತ್ತದೆ. TIME ಭಿನ್ನಭಾಗವನ್ನು ಕತ್ತರಿಸಿ ಎಸೆಯುವುದರಿಂದ ROUND ಇಲ್ಲದಿದ್ದರೆ 20 ನಿಮಿಷ 19 ಆಗಿಬಿಡಬಹುದು. ಇದೇ ಸೂತ್ರವನ್ನು C2ಕ್ಕೆ ಹೊಂದಿಸಿ F2ರಲ್ಲಿ ಹಾಕಿ. G2ರಲ್ಲಿ ವ್ಯತ್ಯಾಸ, ಕೊನೆಯಲ್ಲಿ ಕೂಲಿ:

```
=F2-E2
=SUM(G2:G7)*24*90
```

G ಕಾಲಂಗೂ ಅದರ ಮೊತ್ತಕ್ಕೂ Format Cells ಒಳಗಿನ Custom ನಲ್ಲಿ `[h]:mm` ಕೊಡಿ. ಚೌಕಾಕಾರದ ಆವರಣ ಇಲ್ಲದೆ h:mm ಎಂದಷ್ಟೇ ಕೊಟ್ಟರೆ ಮೊತ್ತ 24 ಗಂಟೆ ದಾಟಿದ ಕೂಡಲೇ ದಿನವನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೋರಿಸುತ್ತದೆ. 43:40 ಕಾಣಬೇಕಾದಲ್ಲಿ 19:40 ಕಾಣುತ್ತದೆ. ಇನ್ನು 24ರಿಂದ ಗುಣಿಸುವುದು ಯಾಕೆಂದರೆ ಎಕ್ಸೆಲ್ ಒಳಗೆ ಇಟ್ಟಿರುವುದು ದಿನದ ಲೆಕ್ಕ, ನಿಮ್ಮ ಕೂಲಿ ಗಂಟೆಯ ಲೆಕ್ಕ. ಕೂಲಿಯ ಸೆಲ್‌ಗೆ ಮಾತ್ರ ಸಾಮಾನ್ಯ ಸಂಖ್ಯೆಯ ಫಾರ್ಮ್ಯಾಟ್ ಇರಲಿ. ನಮ್ಮ ಉದಾಹರಣೆಯಲ್ಲಿ 3930 ಬಂದರೆ ಎಲ್ಲ ಸರಿಯಿದೆ.

ಒಂದು ವಿಷಯ ಪುಸ್ತಕದಲ್ಲೇ ನೋಡಿಕೊಳ್ಳಿ. ಹೆಚ್ಚಿನ ಹಾಜರಿ ಪುಸ್ತಕಗಳಲ್ಲಿ ಸಂಜೆಯ ಐದೂಕಾಲನ್ನು 17.15 ಎಂದು ಬರೆದಿರುವುದಿಲ್ಲ, 5.15 ಎಂದೇ ಇರುತ್ತದೆ. ಹಾಗಿದ್ದರೆ ವ್ಯತ್ಯಾಸ ಋಣಸಂಖ್ಯೆಯಾಗಿ ಸೆಲ್ ತುಂಬ ##### ಕಾಣುತ್ತದೆ. ಹಗಲು ಪಾಳಿ ಮಾತ್ರ ಇರುವ ಘಟಕವಾದರೆ ಹೋದ ಸಮಯ ಬಂದ ಸಮಯಕ್ಕಿಂತ ಚಿಕ್ಕದಿದ್ದಾಗ ಹನ್ನೆರಡು ಗಂಟೆ ಸೇರಿಸಿದರೆ ಸಾಕು: `=F2-E2+IF(F2<E2,0.5,0)`. ರಾತ್ರಿ ಪಾಳಿಯೂ ಇದ್ದರೆ ಈ ಉಪಾಯ ನಡೆಯುವುದಿಲ್ಲ. 9.30ಕ್ಕೆ ಬಂದು 5.15ಕ್ಕೆ ಹೋದವರು ಹಗಲಿನವರೋ ರಾತ್ರಿಯವರೋ ಎಂದು ಅಂಕಿ ನೋಡಿ ಯಾವ ಸೂತ್ರವೂ ಹೇಳಲಾರದು. ಮೇಸ್ತ್ರಿಯನ್ನೇ ಕೇಳಿ ಪಾಳಿಯ ಕಾಲಂ ಒಂದನ್ನು ಸೇರಿಸಬೇಕು.

ಮುಂದಿನ ತಿಂಗಳ ಹಾಳೆಗೆ ಕೋಲನ್ ಹಾಕಿಯೇ ಟೈಪ್ ಮಾಡಿ ಎಂದು ಹೇಳುವುದು ಸುಲಭ. ಆದರೆ ಜನ ಚುಕ್ಕಿ ಒತ್ತುವುದು ಬರೀ ಅಭ್ಯಾಸಬಲದಿಂದಲ್ಲ. ಕೀಲಿಮಣೆಯ ಬಲಗಡೆಯ ಅಂಕಿಗಳ ಗುಂಪಿನಲ್ಲಿ ಚುಕ್ಕಿ ಇದೆ, ಕೋಲನ್ ಇಲ್ಲ. ಒಂದೇ ಕೈಯಲ್ಲಿ ಸರಸರ ಅಂಕಿ ಹೊಡೆಯುವವರು ಪ್ರತಿ ಸಮಯಕ್ಕೂ ಆ ಕಡೆ ಕೈ ಹಾಯಿಸಿ Shift ಹಿಡಿದು ಕೋಲನ್ ಒತ್ತಬೇಕೆಂದರೆ ಕೆಲಸ ಸಾಗುವುದಿಲ್ಲ. ಇಂಥ ಕೆಲಸಕ್ಕೆ ನಾನು ಹೇಳುವುದು ಗುರುತನ್ನೇ ಬಿಟ್ಟುಬಿಡಿ ಎಂದು. 9.30ಕ್ಕೆ 930, 17.15ಕ್ಕೆ 1715, ಒಂಬತ್ತು ಗಂಟೆ ಐದು ನಿಮಿಷಕ್ಕೆ 905, ಮಧ್ಯಾಹ್ನ ಒಂದಕ್ಕೆ 1300. ಕಾಲಂಗೆ Custom ಫಾರ್ಮ್ಯಾಟ್ ಆಗಿ `00\:00` ಕೊಟ್ಟರೆ 930 ಎಂದು ಹೊಡೆದದ್ದು 09:30 ಎಂದು ಕಾಣುತ್ತದೆ. ಕಾಣುವುದಷ್ಟೇ, ಒಳಗೆ ಅದಿನ್ನೂ 930 ಎಂಬ ಸಂಖ್ಯೆ. ಲೆಕ್ಕಕ್ಕೆ ಹೀಗೆ ಬದಲಾಯಿಸಿಕೊಳ್ಳಿ:

```
=TIME(INT(B2/100),MOD(B2,100),0)
```

ಜೊತೆಗೆ Data Validation ನಲ್ಲಿ Custom ಆರಿಸಿ `=AND(MOD(B2,100)<60,B2<2400)` ಹಾಕಿಟ್ಟರೆ 975ರಂಥ ಅಂಕಿಯನ್ನು ಎಕ್ಸೆಲ್ ಒಳಗೇ ಬಿಡುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ನಲ್ಲಿ ಸಮಯದ ಗುರುತನ್ನೇ ಚುಕ್ಕಿ ಮಾಡಿಕೊಂಡರೆ ಆಗದೇ ಎಂದು ಕೆಲವರು ಕೇಳುತ್ತಾರೆ. ದಶಮಾಂಶವೂ ಚುಕ್ಕಿ, ಸಮಯವೂ ಚುಕ್ಕಿ ಆದರೆ ಮೂಲ ಜಗಳ ಹಾಗೇ ಉಳಿಯುತ್ತದೆ, ಅದಕ್ಕೆ ಕೈ ಹಾಕಬೇಡಿ.

ಇನ್ನು ಲಗ್ನಪತ್ರಿಕೆ. ಇಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ, ಓದುವುದಷ್ಟೇ. ಚುಕ್ಕಿಯನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಣ್ಣಿಗೆ ಕಾಣುವ ಕಾರಣವೂ ಇದೆ. ಕನ್ನಡದಲ್ಲಿ ಕೋಲನ್ ಹೋಲುವ ಇನ್ನೊಂದು ಅಕ್ಷರ ಇದೆ, ವಿಸರ್ಗ. ದುಃಖ, ಅಂತಃಕರಣ ಬರೆಯುವಾಗ ವಿಸರ್ಗದ ಬದಲು ಕೋಲನ್ ಒತ್ತುವವರು ಎಷ್ಟು ಮಂದಿ ಎಂದು ನಿಮಗೇ ಗೊತ್ತು. ಸಮಯದಲ್ಲಿ ಇದು ತಿರುಗುಮುರುಗಾಗುತ್ತದೆ. ಕನ್ನಡ ಅಂಕಿಯಲ್ಲಿ ೯:೩೦ ಹಾಕಿ ಎಂದು ಗಿರಾಕಿ ಕೇಳಿದಾಗ ಕೈ ತಪ್ಪಿ ವಿಸರ್ಗ ಬಿದ್ದರೆ ಪ್ರೂಫ್‌ನಲ್ಲಿ ಗೊತ್ತೇ ಆಗದೆ ಹೋಗಬಹುದು. ಕೆಲವು ಫಾಂಟುಗಳಲ್ಲಿ ಅಂಕಿಯ ಮುಂದೆ ಚುಕ್ಕಿಚುಕ್ಕಿಯ ಒಂದು ವೃತ್ತ ಕಾಣಿಸಿಕೊಳ್ಳುತ್ತದೆ. ಅದು ಕಂಡರೆ ಅಲ್ಲಿ ಕೋಲನ್ ಅಲ್ಲ, ವಿಸರ್ಗ ಕೂತಿದೆ ಎಂದು ತಿಳಿಯಿರಿ. ಅದೇ ರೀತಿ ಕನ್ನಡದ ಸೊನ್ನೆ ಮತ್ತು ಅನುಸ್ವಾರ ಅದಲು ಬದಲಾಗುವುದೂ ಉಂಟು. ೩೦ ಎಂಬಲ್ಲಿ ಸೊನ್ನೆ ಚಿಕ್ಕದಾಗಿಯೋ ಅಂಕಿಗೆ ಅಂಟಿಕೊಂಡೋ ಕಂಡರೆ ಅಲ್ಲಿರುವುದು ಅನುಸ್ವಾರ. ಅಲ್ಲದೆ ಆಹ್ವಾನ ಪತ್ರಿಕೆಯಲ್ಲಿ "ಸ್ಥಳ:", "ಸಮಯ:" ಎಂದು ತಲೆಬರಹಕ್ಕೆ ಕೋಲನ್ ಹಾಕಿರುತ್ತೀರಿ. "ಸಮಯ: 9:30" ಎಂಬಲ್ಲಿ ಎರಡೆರಡು ಕೋಲನ್ ಒತ್ತೊತ್ತಾಗಿ ಬಂದು ಕಿರಿಕಿರಿ ಮಾಡುತ್ತವೆ. "ಸಮಯ: 9.30" ನೋಡಲು ತಿಳಿಯಾಗಿದೆ.

ಅಡ್ಡಗೆರೆಯ 9-30 ಹಳೆಯ ಲಗ್ನಪತ್ರಿಕೆಗಳ ರೂಢಿ. ಆಂಧ್ರದ ಗಡಿಗೆ ಹತ್ತಿರವಾದ್ದರಿಂದ ನಿಮ್ಮ ಕಡೆ ತೆಲುಗು ಶುಭಲೇಖೆಗಳೂ ಕೈಗೆ ಬರುತ್ತವಲ್ಲ, ಅವುಗಳಲ್ಲೂ ಅಡ್ಡಗೆರೆ ಮಾಮೂಲು. ತಮಿಳು ಪತ್ರಿಕೆಗಳಲ್ಲಿ ಚುಕ್ಕಿ ಹೆಚ್ಚು. 9-30 ಎಂಬುದರಲ್ಲಿ ಯಾರೂ ಎಡವುವುದಿಲ್ಲ, ಯಾಕೆಂದರೆ ಮೂವತ್ತು ಗಂಟೆ ಎಂಬುದಿಲ್ಲ. ಆದರೆ ಮುಹೂರ್ತ ಯಾವಾಗಲೂ ಅರ್ಧ ಗಂಟೆಗೇ ಬೀಳುತ್ತದೆಯೇ? 9-10 ಎಂದು ಅಚ್ಚಾದರೆ ಅದು ಒಂಬತ್ತು ಗಂಟೆ ಹತ್ತು ನಿಮಿಷವೋ, ಒಂಬತ್ತರಿಂದ ಹತ್ತರವರೆಗೋ? "10-12 ಶುಭ ಲಗ್ನ" ಎಂದಿದ್ದರೆ ದೂರದ ನೆಂಟರು ಹನ್ನೆರಡರವರೆಗೆ ಸಮಯವಿದೆ ಎಂದು ನಿಧಾನವಾಗಿ ಹೊರಡುತ್ತಾರೆ. ಎಕ್ಸೆಲ್‌ನಲ್ಲಂತೂ ನಮ್ಮ ದಿನ-ತಿಂಗಳ ಸೆಟ್ಟಿಂಗ್ ಇದ್ದರೆ 9-10 ನೇರವಾಗಿ ಅಕ್ಟೋಬರ್ 9 ಆಗಿಬಿಡುತ್ತದೆ. ಗಿರಾಕಿ ಅಡ್ಡಗೆರೆಯೇ ಬೇಕೆಂದು ಹಟ ಹಿಡಿದರೆ ಹಾಕಿಕೊಡಿ, ಆದರೆ ನಿಮಿಷದ ಅಂಕಿ 12ರ ಒಳಗಿದ್ದಾಗ ಮಾತ್ರ "9 ಗಂಟೆ 10 ನಿಮಿಷಕ್ಕೆ" ಎಂದು ಬಿಡಿಸಿ ಬರೆಯಲು ಒಪ್ಪಿಸಿ. ಅವಧಿಯನ್ನು ಯಾವ ಪತ್ರಿಕೆಯಲ್ಲಾದರೂ ಗೆರೆಯಿಂದ ತೋರಿಸಬೇಡಿ. "ಬೆಳಿಗ್ಗೆ 9.30ರಿಂದ 10.15ರವರೆಗೆ" ಎಂದು ವಿಭಕ್ತಿ ಹಚ್ಚಿ ಬರೆದರೆ ಸಂಶಯಕ್ಕೆ ಎಡೆಯಿಲ್ಲ. ಆ ವಿಭಕ್ತಿಯನ್ನೂ ಅಂಕಿಗೆ ಅಂಟಿಸಿಯೇ ಬರೆಯಿರಿ. "9.30 ಕ್ಕೆ" ಎಂದು ಜಾಗ ಬಿಟ್ಟರೆ ಸಾಲು ಮುರಿದಾಗ "ಕ್ಕೆ" ಒಂದೇ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ.

ಪುರೋಹಿತರು ಚೀಟಿಯಲ್ಲಿ ಬರೆದುಕೊಟ್ಟ ಅಂಕಿಯ ಬಗ್ಗೆಯೂ ಒಂದು ಮಾತು. ಚೀಟಿಯಲ್ಲಿ "ಘ" ಎಂದೋ "ಘಳಿಗೆ" ಎಂದೋ ಇದ್ದು ಮುಂದೆ 9-30 ಇದ್ದರೆ ಅದು ಗಡಿಯಾರದ ಸಮಯವಲ್ಲ. ಪಂಚಾಂಗದಲ್ಲಿ ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ, ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ಒಂಬತ್ತು ಘಳಿಗೆ ಮೂವತ್ತು ವಿಘಳಿಗೆ ಅಂದರೆ ಒಂಬತ್ತೂವರೆ ಘಳಿಗೆ, ಅಂದರೆ 228 ನಿಮಿಷ, ಅಂದರೆ 3 ಗಂಟೆ 48 ನಿಮಿಷ. ಅಂದಿನ ಸೂರ್ಯೋದಯ 6.10ಕ್ಕೆ ಎಂದಿಟ್ಟುಕೊಂಡರೆ ಗಡಿಯಾರದಲ್ಲಿ ಅದು 9.58. ಅಂಕಿ ಒಂದೇ ಥರ ಕಂಡು, ಸಮಯವೂ ಅಸಂಭವವೆನಿಸದೆ, ಅರ್ಧ ಗಂಟೆ ವ್ಯತ್ಯಾಸ ಬರುವ ಜಾಗ ಇದು. ಇದನ್ನು ನೀವೇ ಲೆಕ್ಕ ಹಾಕಿ ಅಚ್ಚು ಮಾಡಬೇಡಿ. ಗಡಿಯಾರದ ಸಮಯ ಬರೆಸಿಕೊಂಡು ಬನ್ನಿ ಎಂದು ಚೀಟಿಯನ್ನು ವಾಪಸು ಕಳಿಸಿ.

ಒಂದು ಪತ್ರಿಕೆಯೊಳಗೆ ಒಂದೇ ಗುರುತು ಇರಲಿ. ವರಪೂಜೆಗೆ 7-30, ಮುಹೂರ್ತಕ್ಕೆ 9.30, ಆರತಕ್ಷತೆಗೆ 6:30 ಎಂದು ಮೂರೂ ಬೆರೆತ ಪತ್ರಿಕೆಗಳು ಬರುವುದು ಮೂರು ಹಳೆಯ ಫೈಲುಗಳಿಂದ ನಕಲು ಹೊಡೆದಾಗ. ದಿನಾಂಕವನ್ನೂ 12.5 ಎಂದು ಚುಕ್ಕಿಯಲ್ಲೇ ಹಾಕುವವರು ತಿಂಗಳನ್ನು ಅಕ್ಷರದಲ್ಲಿ ಬರೆದರೆ ಸಮಯದ ಚುಕ್ಕಿಗೆ ಅದು ತಾಗುವುದಿಲ್ಲ. ಇನ್ನು ಫೈಲಿಗೆ ಹೆಸರಿಡುವಾಗ ವಿಂಡೋಸ್ ಕೋಲನ್ ಒಪ್ಪುವುದೇ ಇಲ್ಲ, ಅಲ್ಲಿ 0930 ಎಂದೇ ಬರೆಯಬೇಕು.

ರೀಲಿಂಗ್ ಘಟಕದವರಿಗೆ ಹೊಸ ಹಾಜರಿ ಪುಸ್ತಕ ಅಚ್ಚು ಹಾಕಿಕೊಡುವ ಕೆಲಸವೂ ನಿಮಗೇ ಬಂದರೆ ಒಂದು ಬದಲಾವಣೆ ಮಾಡಿ. ರೀಲಿಂಗ್ ಯಂತ್ರಗಳ ತೇವದ ನಡುವೆ ಪೆನ್ನಿನಲ್ಲಿ ಬರೆದ ಕೋಲನ್‌ನ ಮೇಲಿನ ಚುಕ್ಕಿ ಅಳಿಸಿದರೆ ಉಳಿಯುವುದು ಮತ್ತೆ ಚುಕ್ಕಿಯೇ, ಆದ್ದರಿಂದ ಪುಸ್ತಕದಲ್ಲಿ ಕೋಲನ್ ಬರೆಯಿರಿ ಎಂದು ಮೇಸ್ತ್ರಿಗೆ ಪಾಠ ಹೇಳಿ ಫಲವಿಲ್ಲ. "ಬಂದ ಸಮಯ" ಎಂಬ ಒಂದು ಅಂಕಣದ ಬದಲು ಅದರ ಕೆಳಗೆ "ಗಂ." ಮತ್ತು "ನಿ." ಎಂದು ಎರಡು ಕಿರಿದಾದ ಅಂಕಣ ಮಾಡಿ, ನಡುವೆ ತೆಳುಗೆರೆ ಎಳೆಯಿರಿ, "ಹೋದ ಸಮಯ"ಕ್ಕೂ ಹಾಗೆಯೇ. ಅಂಕಣದ ತಲೆಯಲ್ಲಿ "24 ಗಂಟೆ ಲೆಕ್ಕ" ಎಂದು ಅಚ್ಚು ಹಾಕಿ. ಎಕ್ಸೆಲ್‌ನಲ್ಲೂ ಅದೇ ಎರಡು ಕಾಲಂ ಇಟ್ಟುಕೊಂಡರೆ `=TIME(B2,C2,0)` ಎಂಬಷ್ಟರಲ್ಲಿ ಸಮಯ ಸಿಗುತ್ತದೆ.